ವಿಜಯಪುರದ ಬಿಸಿಲಿಗೆ ಯಾವ ಮೊಬೈಲ್ ಕವರ್ ಛಲೋ?

ಬೈಕ್ ಮೇಲೆ ಅಡ್ಡಾಡೋರು ಟಿಪಿಯು, ಅಂದ್ರ ಮೆತ್ತನ್ನ ಪಾಲಿಯುರೆಥೇನ್ ಕವರ್ ತಗೋರಿ. ಫೋನ್ ಮೂಲೆ ಮೇಲೆ ಬಿದ್ರ ಟಿಪಿಯು ಒತ್ತಿಕೊಂಡು ಪೆಟ್ಟು ನುಂಗ್ತದ. ಬರೀ ಪಾಲಿಕಾರ್ಬೊನೇಟ್, ಅಂದ್ರ ಗಟ್ಟಿ ಪ್ಲಾಸ್ಟಿಕ್ ಕವರ್, ಗೀರು ತಡೀತದ, ಆದ್ರ ಗಟ್ಟಿ ಇರೋದಕ್ಕ ಪೆಟ್ಟನ್ನ ಫೋನಿಗೇ ದಾಟಸ್ತದ, ಮೂಲ್ಯಾಗ ಸೀಳ್ತದ. ಸಿಲಿಕೋನ್ ಕೈಯಾಗ ಜಾರಂಗಿಲ್ಲ, ಖರೆ. ಕಿಸೆದಾಗಿನ ಧೂಳೆಲ್ಲ ಅದಕ್ಕ ಹತ್ತತದ, ಅಂಚು ಸಡಿಲಾದ್ರ ಬೀಳುವಾಗ ಕಳಚ್ತದ.

ಅಂಗಡ್ಯಾಗ ಮೂಲೆ ಹೆಬ್ಬೆರಳಿಂದ ಒತ್ತಿ ನೋಡ್ರಿ, ತಗ್ಗಿ ತಿರುಗಿ ಏಳಬೇಕು. ಬೋರಲು ಇಟ್ರ ಗಾಜು ಮೇಜಿಗೆ ತಾಗಬಾರದು. ಅಂಚು 1 ಮಿ.ಮೀ. ಎತ್ತರ ಇರಲಿ.

ಬಿಸಿ ವಿಷಯಕ್ಕ ಮೂರೂ ಹೆಚ್ಚುಕಮ್ಮಿ ಒಂದೇ, ಯಾವುದೂ ಶಾಖ ಸರಳ ಹೊರಗ ಬಿಡಂಗಿಲ್ಲ. ಫರಕ್ ಮಾಡೋದು ದಪ್ಪ. ಹಿಂಭಾಗ ತೆಳ್ಳಗ, ಮೂಲೆ ದಪ್ಪ ಇರೋದನ್ನ ಆರಿಸ್ರಿ. ಫಾಸ್ಟ್ ಚಾರ್ಜಿಂಗ್‌ಗೆ ಹಚ್ಚಿದಾಗ ಕವರ್ ತೆಗೀರಿ. ಪಾರದರ್ಶಕ ಟಿಪಿಯು ಬಿಸಿಲಿಗೆ ಹಳದಿ ಆಗ್ತದ, ಕಪ್ಪುದು ತಗೊಂಡ್ರ ಕಾಣಂಗಿಲ್ಲ.