ನಿವೃತ್ತಿಪೂರ್ವ ರಜೆ: ಗಳಿಕೆ ರಜೆಯನ್ನು ಮುಟ್ಟುವ ಮುನ್ನ

ಕೇಂದ್ರ ಸರ್ಕಾರಿ ನೌಕರರಿಗೆ 1972ರ ರಜಾ ನಿಯಮಗಳ 38ನೇ ನಿಯಮ ನಿವೃತ್ತಿಪೂರ್ವ ರಜೆ ಕೊಡುತ್ತದೆ. ಗಳಿಕೆ ರಜೆ 300 ದಿನದವರೆಗೆ, ಜೊತೆಗೆ ಖಾತೆಯಲ್ಲಿರುವ ಅರ್ಧ ವೇತನ ರಜೆ. ರಜೆ ನಿವೃತ್ತಿಯ ದಿನಕ್ಕೇ ಮುಗಿಯಬೇಕು. ಬಹುತೇಕರು ಗಳಿಕೆ ರಜೆಯನ್ನೇ ಬರೆದುಕೊಟ್ಟು ಕೈ ಸುಟ್ಟುಕೊಳ್ಳುತ್ತಾರೆ.

ನಾನು ಅರ್ಜಿಗೆ ಮೊದಲು ಹಾಕಿಕೊಂಡ ಲೆಕ್ಕ ಹೀಗಿತ್ತು. ನಿವೃತ್ತಿ ಅಕ್ಟೋಬರ್ 31ಕ್ಕೆ. ಖಾತೆಯಲ್ಲಿ ಗಳಿಕೆ ರಜೆ 300 ದಿನ. ಜುಲೈಯಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಿಗೆ ತಿಂಗಳಿಗೆ ಎರಡೂವರೆಯಂತೆ ಮೇಲೆ 10. ಅರ್ಧ ವೇತನ ರಜೆ 150. ಬೇಕಾದದ್ದು 60 ದಿನ, ಸೆಪ್ಟೆಂಬರ್ 2ರಿಂದ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ದಿನಕ್ಕೆ 4,000 ರೂಪಾಯಿ ಎಂದಿಟ್ಟುಕೊಳ್ಳಿ.

ಅರವತ್ತೂ ಗಳಿಕೆ ರಜೆಯಾದರೆ ರಜೆಯ ಸಂಬಳ 2,40,000, ಉಳಿದ 250 ದಿನದ ನಗದೀಕರಣ 10,00,000. ಒಟ್ಟು 12,40,000. ಇದರ ಬದಲು 10 ದಿನ ಗಳಿಕೆ ರಜೆ, 50 ದಿನ ಅರ್ಧ ವೇತನ ರಜೆ ಹಾಕಿದರೆ ಸಂಬಳ 40,000 ಮತ್ತು 1,00,000, ನಗದೀಕರಣ ಪೂರ್ತಿ 300 ದಿನಕ್ಕೆ 12,00,000. ಒಟ್ಟು 13,40,000. ನಗದೀಕರಣದ ಮಿತಿ 300 ದಿನ. ಹಾಗಾಗಿ ಆ ಹೆಚ್ಚುವರಿ ಹತ್ತು ದಿನ ಹೇಗೂ ಕಳೆದುಹೋಗುತ್ತಿತ್ತು. ಗಳಿಕೆ ರಜೆ 300 ತುಂಬಿರುವವರಿಗೆ ಅರ್ಧ ವೇತನ ರಜೆಗೂ ನಿವೃತ್ತಿಯ ದಿನ ಬಿಡಿಗಾಸು ಸಿಗುವುದಿಲ್ಲ. ಸರ್ಕಾರಿ ನೌಕರರಿಗೆ ನಿವೃತ್ತಿಯ ನಗದೀಕರಣ ತೆರಿಗೆಮುಕ್ತ, ರಜೆಯ ಸಂಬಳಕ್ಕೆ ಆ ವಿನಾಯಿತಿ ಇಲ್ಲ ಎಂಬುದನ್ನೂ ಸೇರಿಸಿ ನೋಡಿ.

ಗಳಿಕೆ ರಜೆ 200 ಮಾತ್ರ ಇದ್ದವರ ಕಥೆ ಬೇರೆ. ಕೊರತೆಯ 100 ದಿನವನ್ನು ಅರ್ಧ ವೇತನ ರಜೆಯಿಂದ ಅರ್ಧ ದರದಲ್ಲಿ ತುಂಬಿಕೊಡುತ್ತಾರೆ. ಅಷ್ಟನ್ನು ಉಳಿಸಿಕೊಂಡು ಮೇಲಿನದ್ದನ್ನಷ್ಟೇ ಖರ್ಚು ಮಾಡಬೇಕು.

ಅರ್ಧ ಸಂಬಳ ಪಡೆದರೆ ಪಿಂಚಣಿಯೂ ಇಳಿಯುತ್ತದೆಯೇ ಎಂಬ ಭಯ ಸಾಮಾನ್ಯ. ಇಳಿಯುವುದಿಲ್ಲ. ರಜಾ ವೇತನ ಇರುವ ರಜೆಯಾದರೆ, ಕೆಲಸದಲ್ಲಿದ್ದಿದ್ದರೆ ಸಿಗುತ್ತಿದ್ದ ವೇತನವನ್ನೇ ಪಿಂಚಣಿಗೆ ಹಿಡಿಯುತ್ತಾರೆ.

ಎಡವುವುದು ವಾರ್ಷಿಕ ವೇತನ ಬಡ್ತಿಯಲ್ಲಿ. ರಜೆಯ ಮೇಲಿರುವಾಗ ಬಡ್ತಿಯ ದಿನ ಬಂದರೆ, ಹೊಸ ವೇತನ ಕೈಗೆ ಬರುವುದು ಮರಳಿ ಹಾಜರಾದ ದಿನದಿಂದ. ಈ ರಜೆಯಿಂದ ಯಾರೂ ಮರಳುವುದಿಲ್ಲವಲ್ಲ! ಆದ್ದರಿಂದ ಜನವರಿ 1 ಅಥವಾ ಜುಲೈ 1, ನಿಮ್ಮದು ಯಾವುದೋ ಅದು ದಾಟಿದ ಮೇಲೇ ರಜೆ ಶುರುವಾಗಲಿ. ಜೂನ್ 30 ಅಥವಾ ಡಿಸೆಂಬರ್ 31ಕ್ಕೆ ನಿವೃತ್ತರಾಗುವವರಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಕೆಪಿಟಿಸಿಎಲ್ ನೌಕರರ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ ಕಾಲ್ಪನಿಕ ಬಡ್ತಿ ಸಿಗುತ್ತಿದೆ. ಆದರೆ ಕೇಂದ್ರದ ಆದೇಶದಂತೆ ಅದು ಪಿಂಚಣಿ ಲೆಕ್ಕಕ್ಕೆ ಮಾತ್ರ, ಉಪದಾನಕ್ಕಾಗಲಿ ನಗದೀಕರಣಕ್ಕಾಗಲಿ ಅಲ್ಲ.

ಅರ್ಜಿಗೆ ಮುನ್ನ ಸೇವಾ ಪುಸ್ತಕದ ರಜಾ ಖಾತೆಯನ್ನು ಕೂತು ನೋಡಿ. ಹಳೆಯ ವರ್ಷಗಳ ಅರ್ಧ ವೇತನ ರಜೆಯ ಜಮಾ, ಆರು ತಿಂಗಳಿಗೆ ಹತ್ತು, ಎಷ್ಟೋ ಕಡೆ ಬರೆದೇ ಇರುವುದಿಲ್ಲ. ಅರ್ಜಿಯಲ್ಲಿ ಎರಡೂ ರಜೆಯ ತಾರೀಖು ಬೇರೆ ಬೇರೆ ಬರೆಯಿರಿ: ಸೆಪ್ಟೆಂಬರ್ 2ರಿಂದ 11 ಗಳಿಕೆ ರಜೆ, 12ರಿಂದ ಅಕ್ಟೋಬರ್ 31 ಅರ್ಧ ವೇತನ ರಜೆ. ಬರಿಯ ‘60 ದಿನ ರಜೆ’ ಎಂದರೆ ಗುಮಾಸ್ತರು ಗಳಿಕೆ ರಜೆಯಿಂದಲೇ ಕಳೆಯುವ ಸಂಭವವಿದೆ. ಒಮ್ಮೆ ಹೊರಟರೆ ನೇಮಕಾತಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಮರಳಿ ಹಾಜರಾಗುವಂತಿಲ್ಲ. ಪಿಂಚಣಿ ನಮೂನೆಗಳು, ಪ್ರಭಾರ ಹಸ್ತಾಂತರ, ಎಲ್ಲ ಸಹಿ ಸೆಪ್ಟೆಂಬರ್ 1ರ ಸಂಜೆಯೊಳಗೆ ಮುಗಿದಿರಬೇಕು.