ಒಂದು ಪಿನ್ನಿನಿಂದ ಪಲ್ಲವಿ

ಹಾಡಿಗೆ ವಿಷಯ ಸಿಗದಾಗ ನಾನು ಭಾವನೆಯನ್ನು ಹುಡುಕುವುದಿಲ್ಲ, ಮನೆಯಲ್ಲಿರುವ ಒಂದು ವಸ್ತುವನ್ನು ಹುಡುಕುತ್ತೇನೆ. ಈ ಸಲ ಸಿಕ್ಕಿದ್ದು ಸೇಫ್ಟಿ ಪಿನ್ನು. ಹೆಂಗಸರ ಬಳೆಯಲ್ಲೋ ತಾಳಿಸರದಲ್ಲೋ ಯಾವಾಗಲೂ ಒಂದೆರಡು ನೇತಾಡುತ್ತಿರುತ್ತವಲ್ಲ, ಅದೇ.

ಮೊದಲು ಹತ್ತು ನಿಮಿಷ ಅಲಾರಂ ಇಟ್ಟುಕೊಂಡು, ಪೆನ್ನು ಎತ್ತದೆ ತೋಚಿದ ಮಾತನ್ನೆಲ್ಲ ಬರೆಯುತ್ತೇನೆ. ಸರಿಯೋ ತಪ್ಪೋ ನೋಡುವುದಿಲ್ಲ. ಮೊದಲು ಬಂದವು ಹೀಗಿದ್ದವು: ಮುಳ್ಳು, ರಕ್ತ, ನೋವು, ಹೃದಯ, ಕಣ್ಣೀರು. ಇವು ಯಾರಿಗಾದರೂ ಬರುತ್ತವೆ, ಏಕೆಂದರೆ ಇವು ಪಿನ್ನಿನಿಂದ ಬಂದವಲ್ಲ, ನಾವು ಈಗಾಗಲೇ ಕೇಳಿರುವ ಹಾಡುಗಳಿಂದ ಬಂದವು. ಹಾಗಾಗಿ ನನ್ನದೊಂದು ಕಟ್ಟುಪಾಡಿದೆ: ಪಟ್ಟಿ ನೋವು, ಪ್ರೀತಿ, ವಿರಹದಂಥ ಪದಕ್ಕೆ ಬಂದು ನಿಂತರೆ ಅಲ್ಲಿಂದ ಮುಂದೆ ಹೋಗುವಂತಿಲ್ಲ, ವಸ್ತುವಿಗೇ ಮರಳಬೇಕು. ಮರಳಿದಾಗ ಬಂದದ್ದು: ಲಂಗಕ್ಕೆ ಲಾಡಿ ಪೋಣಿಸುವುದು, ಕಿತ್ತುಹೋದ ಗುಂಡಿ, ಸೀರೆಯ ನೆರಿಗೆ, ಕಾಲಿನ ಮುಳ್ಳು ತೆಗೆಯುವುದು, ತುಕ್ಕಿನ ಕಲೆ, ಮದುವೆಮನೆಯಲ್ಲಿ ‘ಒಂದು ಪಿನ್ ಇದೆಯಾ ಅಕ್ಕಾ?’ ಎಂಬ ಪಿಸುಮಾತು. ಈ ಕೊನೆಯದನ್ನು ನೋಡಿದಾಗಲೇ ಇಲ್ಲೊಂದು ಹಾಡಿದೆ ಅನ್ನಿಸಿತು. ಪಿನ್ನು ಕೇಳುವವರ ಬಟ್ಟೆ ಎಲ್ಲೋ ಹರಿದಿರುತ್ತದೆ, ಅದು ಊರಿಗೆ ಗೊತ್ತಾಗಬಾರದು.

ಆಮೇಲೆ ವಸ್ತುವನ್ನು ಕೈಯಲ್ಲಿ ಹಿಡಿದು ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುತ್ತೇನೆ. ಅಮೆರಿಕದ ವಾಲ್ಟರ್ ಹಂಟ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅವನ ಉಪಾಯ ಎರಡು ಕಡೆ ಇದೆ: ಒಂದು ತುದಿಯಲ್ಲಿ ತಂತಿಯನ್ನೇ ಸುತ್ತಿ ಮಾಡಿದ ಸ್ಪ್ರಿಂಗು, ಇನ್ನೊಂದು ತುದಿಯಲ್ಲಿ ಮೊನೆಯನ್ನು ಮುಚ್ಚುವ ಕೊಕ್ಕೆ. ಅಂದರೆ ಮುಚ್ಚಿದ ಪಿನ್ನು ಸುಮ್ಮನಿರುವುದಿಲ್ಲ, ತೆರೆದುಕೊಳ್ಳಲು ಸದಾ ಒತ್ತುತ್ತಲೇ ಇರುತ್ತದೆ. ಆ ಒತ್ತಡವೇ ಅದನ್ನು ಕೊಕ್ಕೆಯಲ್ಲಿ ನಿಲ್ಲಿಸುವುದು. ಇದು ಮನಸ್ಸಿಗೆ ತಾನಾಗಿ ತೋಚುವ ಮಾತಲ್ಲ, ಬೆರಳಿಗೆ ಸಿಗುವ ಮಾತು.

ಎರಡನೇ ಪಟ್ಟಿಯಲ್ಲಿ ಬರೀ ಕ್ರಿಯಾಪದಗಳು. ನಾಮಪದಗಳಿಂದ ಹಾಡಿಗೆ ಚಿತ್ರ ಸಿಗುತ್ತದೆ, ಆದರೆ ಹಾಡು ನಡೆಯುವುದು ಕ್ರಿಯಾಪದದಿಂದ. ಪಿನ್ನು ಏನು ಮಾಡುತ್ತದೆ? ಚುಚ್ಚುತ್ತದೆ, ಮುಚ್ಚುತ್ತದೆ, ಬಿಚ್ಚಿಕೊಳ್ಳುತ್ತದೆ, ಹಿಡಿಯುತ್ತದೆ. ಮೊದಲ ಮೂರರಲ್ಲಿ ದ್ವಿತೀಯಾಕ್ಷರ ಪ್ರಾಸ ಆಗಲೇ ಕೂತಿದೆ! ಮೂರನೇ ಪಟ್ಟಿಯಾಗಿ ಆ ಕುಟುಂಬವನ್ನೇ ಬೆಳೆಸಿದೆ: ಹಚ್ಚು, ಕಚ್ಚು, ಬೆಚ್ಚು, ಮೆಚ್ಚು, ಕೊಚ್ಚು, ಹುಚ್ಚು, ಕಿಚ್ಚು, ಅಚ್ಚು. ಹಾಡು ಕೆಡುವುದು ಹೆಚ್ಚಾಗಿ ಇಲ್ಲೇ. ಹುಚ್ಚು, ಕಿಚ್ಚು ಕಿವಿಗೆ ಎಷ್ಟು ಚಂದವೆಂದರೆ ಪಿನ್ನಿಗೂ ಅವಕ್ಕೂ ಸಂಬಂಧವಿಲ್ಲ ಅನ್ನುವುದೇ ಮರೆತುಹೋಗುತ್ತದೆ. ಪರೀಕ್ಷೆ ಸುಲಭ: ಆ ಪದದ ಜಾಗದಲ್ಲಿ ಪ್ರಾಸವಿಲ್ಲದ ಸಮಾನಾರ್ಥಕ ಇಟ್ಟು ಸಾಲು ಓದಬೇಕು. ಸಾಲಿಗೆ ಆಗಲೂ ಹೇಳಲು ಏನಾದರೂ ಉಳಿದಿದ್ದರೆ ಪದ ಇರಲಿ, ಇಲ್ಲದಿದ್ದರೆ ಹೊಡೆದುಹಾಕಬೇಕು. ಹುಚ್ಚು, ಕಿಚ್ಚು ಎರಡೂ ಹೋದವು.

ಇನ್ನು ಹಾಡುವವರು ಯಾರು? ಪಿನ್ನೇ ಹಾಡಿದರೆ ಮಕ್ಕಳ ಪದ್ಯವಾಗುತ್ತದೆ. ಉಟ್ಟವಳು ಹಾಡಿದರೆ ಕತೆ ಹೇಳಬೇಕಾಗುತ್ತದೆ. ಹರಿದ ಬಟ್ಟೆ ಪಿನ್ನಿಗೆ ಹೇಳುವಂತೆ ಬರೆದೆ:

ಚುಚ್ಚದೆ ಹಿಡಿಯಲು ಬಾರದು ನಿನಗೆ
ಮುಚ್ಚದೆ ಬದುಕಲು ಬಾರದು ನನಗೆ

ನಾಲ್ಕು ನಾಲ್ಕು ಮಾತ್ರೆಯ ನಡೆ; ಕೊನೆಯ ಗಣದಲ್ಲಿ ಮೂರೇ ಮಾತ್ರೆ, ಅಲ್ಲಿ ಸ್ವರ ಎಳೆದು ಹಾಡಬಹುದು. ಸ್ಪ್ರಿಂಗಿನಿಂದ ಸಿಕ್ಕಿದ್ದು ಚರಣಕ್ಕೆ ಹೋಯಿತು:

ಹರಿದುದು ಎಲ್ಲೋ ಯಾರಿಗು ಕಾಣದು
ಮುಚ್ಚಿದ ಬಾಯಲಿ ತೆರೆಯುವ ತವಕ

ಪಿನ್ನು ಎಂಬ ಪದವನ್ನು ಹಾಡಿನೊಳಗೆ ಎಲ್ಲೂ ಇಡಲಿಲ್ಲ. ಕೇಳುವವರು ಇದನ್ನು ಗಂಡಹೆಂಡಿರ ಹಾಡು ಅಂದುಕೊಂಡರೂ ಅಡ್ಡಿಯಿಲ್ಲ. ಆದರೆ ವಸ್ತುವನ್ನು ಪೂರಾ ಅಡಗಿಸಿದರೆ ಹಾಡು ಮತ್ತೆ ಅದೇ ಹಳೆಯ ನೋವಿಗೆ ಜಾರುತ್ತದೆ. ಅದಕ್ಕೇ ಎರಡನೇ ಚರಣಕ್ಕೆ ಲಾಡಿ, ನೆರಿಗೆಗಳನ್ನು ಉಳಿಸಿಕೊಂಡಿದ್ದೇನೆ.

ಟ್ಯೂನು ಮೊದಲೇ ಬಂದಿದ್ದರೆ ಈ ದಾರಿ ಇಷ್ಟು ಸಲೀಸಲ್ಲ. ಮಿಶ್ರಛಾಪಿನ ಮೂರು–ನಾಲ್ಕರ ನಡೆಗೆ ‘ಚುಚ್ಚದೆ ಹಿಡಿಯಲು’ ಕೂರುವುದಿಲ್ಲ. ಆಗ ಅವೇ ಪಟ್ಟಿಗಳನ್ನು ಮಾತ್ರೆ ನೋಡಿ ಇಬ್ಭಾಗ ಮಾಡುತ್ತೇನೆ: ಚುಚ್ಚಿ, ಲಾಡಿ, ತುಕ್ಕು, ಬಳೆಯ ಒಂದು ಕಡೆ; ಸೆರಗಿನ, ತುದಿಯಲಿ, ಹಿಡಿದಿಹ ಇನ್ನೊಂದು ಕಡೆ. ಎರಡೂ ಕಡೆಯಿಂದ ಒಂದೊಂದು ತೆಗೆದು ಜೋಡಿಸಿ ಬಾಯಿಬಿಟ್ಟು ಹೇಳಿಕೊಂಡರೆ ‘ಬಳೆಯ ತುದಿಯಲಿ’, ‘ಚುಚ್ಚಿ ಹಿಡಿದಿಹ’ ಇಂಥವು ಬರುತ್ತವೆ. ‘ಲಾಡಿ ತುದಿಯಲಿ’ ಬಂದಾಗ ನಕ್ಕು ಮುಂದಿನದಕ್ಕೆ ಹೋಗುತ್ತೇನೆ.