ಲೇಬಲ್ ಹೋದ ಎರಡು ಬಾಟ್ಲಿ, ಹಳೇ ಬ್ಲೀಚು: ಹ್ಯಾಲೋಫಾರ್ಮ್ ಜೊತೆ ನನ್ನ ಅನುಭವ

ಗದಗದಾಗ ಒಂದು ಡಿಗ್ರಿ ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಿಸ್ತೇನಿ. ಒಂದ್ ಬ್ಯಾಸಿಗ್ಯಾಗ ಸ್ಟೋರ್ ರೂಮ್ ಸ್ವಚ್ಛ ಮಾಡೂ ಮುಂದ ಎರಡು ಬ್ರೌನ್ ಬಾಟ್ಲಿ ಸಿಕ್ವು, ಲೇಬಲ್ ಎರಡರದ್ದೂ ಉದುರಿ ಕೆಳಗ ಬಿದ್ದಿದ್ವು, ಒಂದರಾಗ ಅಸಿಟೋಫಿನೋನ್ ಅಂತಿತ್ತು ಇನ್ನೊಂದರಾಗ ಪ್ರೊಪಿಯೋಫಿನೋನ್, ಆದ್ರ ಯಾವ ಲೇಬಲ್ ಯಾವ ಬಾಟ್ಲಿದು ಅಂತ ತಿಳೀವಲ್ದು. ಎರಡೂ ಬಣ್ಣ ಇಲ್ಲದ ಎಣ್ಣಿ, ವಾಸನಿ ಹೆಚ್ಚುಕಡಿಮಿ ಒಂದ ಥರ. ಕಾರ್ಬೊನಿಲ್ ಗುರ್ತು ಹಿಡಿಯೂ ಡಿಎನ್‌ಪಿ ಹಾಕಿದ್ರ ಎರಡರಾಗೂ ಕೇಸರಿ ಪ್ರೆಸಿಪಿಟೇಟ್. ಐಸ್‌ನ್ಯಾಗ ಇಟ್ರ ಎರಡೂ ಗಟ್ಟಿ ಆಗ್ತಾವು, ಯಾಕಂದ್ರ ಎರಡರ ಮೆಲ್ಟಿಂಗ್ ಪಾಯಿಂಟೂ 20 ಡಿಗ್ರಿ ಸುತ್ತಮುತ್ತನ. ಪರ್ಮ್ಯಾಂಗನೇಟ್ ಹಾಕಿ ಕುದಿಸಿದ್ರ ಎರಡರಿಂದಾನೂ ಬೆಂಜೋಯಿಕ್ ಆಸಿಡ್ಡ ಬರೂದು, ಹಂಗಾಗಿ ಅದರಿಂದಾನೂ ಉಪಯೋಗಿಲ್ಲ. ಇರೂ ಫರಕು ಒಂದ, ಅಸಿಟೋಫಿನೋನ್‌ನ್ಯಾಗ ಕಾರ್ಬೊನಿಲ್ ಪಕ್ಕದಾಗ ಬರೇ ಮಿಥೈಲ್ ಐತಿ, ಇನ್ನೊಂದರಾಗ ಇಥೈಲ್.

ಹಂಗಂದಮ್ಯಾಲೆ ಐಯೋಡೋಫಾರ್ಮ್ ಟೆಸ್ಟ್, ಕಾರ್ಬೊನಿಲ್ ಪಕ್ಕದಾಗ ಮಿಥೈಲ್ ಇದ್ರ ಐಯೋಡೋಫಾರ್ಮಿನ ಹಳದಿ ಹುಡಿ ಬೀಳೂ ಹ್ಯಾಲೋಫಾರ್ಮ್ ರಿಯಾಕ್ಷನ್. ನಾಕು ಹನಿ ಸ್ಯಾಂಪಲ್, ಅದಕ್ಕ 2 ಎಂಎಲ್ ಮೆಥನಾಲ್, 1 ಎಂಎಲ್ 10% ಕಾಸ್ಟಿಕ್ ಸೋಡಾ, ಆಮ್ಯಾಲೆ ಐಯೋಡಿನ್-ಕೆಐ ದ್ರಾವಣ (100 ಎಂಎಲ್ ನೀರಿಗೆ 20 ಗ್ರಾಂ KI, 10 ಗ್ರಾಂ ಐಯೋಡಿನ್) ಹನಿ ಹನಿಯಾಗಿ ಅಲುಗಾಡಿಸ್ಕೋತ ಹಾಕೂದು, ತಿಳಿ ಕಂದು ಬಣ್ಣ ಉಳಿಯೂ ತನಕ. ಮೆಥನಾಲ್ ಯಾಕಂದ್ರ ಅಸಿಟೋಫಿನೋನ್ ನೀರಿನ್ಯಾಗ ಕರಗೂದಿಲ್ಲ, ಎಣ್ಣಿ ಹನಿ ಆಗಿ ಕೂತುಬಿಡ್ತೈತಿ, ಆಗ ಪಾಸಿಟಿವ್ ಬರಬೇಕಾದ್ದೂ ನೆಗೆಟಿವ್ ಅನಸ್ತೈತಿ. ಎಥನಾಲ್ ಮಾತ್ರ ಹಾಕಬ್ಯಾಡ್ರಿ, ಅದು ತಾನ ಐಯೋಡೋಫಾರ್ಮ್ ಕೊಡ್ತೈತಿ.

ನಂದು ಎರಡೂ ಟ್ಯೂಬು ಹಳದಿ ಆದ್ವು! ದವಾಖಾನಿ ವಾಸನಿ ಬ್ಯಾರೆ. ಅಷ್ಟೊತ್ತು ಯೋಚನಿ ಮಾಡಿ ಕಡೀಕ ಸ್ಯಾಂಪಲ್ ಇಲ್ಲದ ಬರೇ ರಿಯೇಜೆಂಟ್ ಹಾಕಿ ಬ್ಲ್ಯಾಂಕ್ ಮಾಡಿದೆ, ಅದೂ ಹಳದಿ. ಅಟೆಂಡರ್ ಕಾಕಾನ್ನ ಕೇಳಿದ್ರ, "ಸರ್, ಲಗೂ ಒಣಗ್ಲಿ ಅಂತ ಟ್ಯೂಬೆಲ್ಲಾ ಅಸಿಟೋನ್‌ನ್ಯಾಗ ತೊಳದೇನ್ರಿ" ಅಂದ್ರು. ಅಸಿಟೋನ್ ಅಂದ್ರ ಮಿಥೈಲ್ ಕೀಟೋನ, ಎರಡೂ ಕಡೆ ಮಿಥೈಲ್, ಟ್ಯೂಬಿನ ಗ್ವಾಡಿಗೆ ಹತ್ತಿದ್ದ ಒಂದು ಹನಿ ಸಾಕು. ಬರೇ ಡಿಸ್ಟಿಲ್ಡ್ ವಾಟರ್‌ನ್ಯಾಗ ತೊಳದು ಓವನ್‌ನ್ಯಾಗ ಒಣಗಿಸಿ ಮತ್ತ ಮಾಡಿದೆ, ಬ್ಲ್ಯಾಂಕ್ ಮೊದ್ಲು. ಈ ಸಲ ಬ್ಲ್ಯಾಂಕ್ ಸ್ವಚ್ಛ, ಒಂದನೇ ಬಾಟ್ಲಿ 60 ಡಿಗ್ರಿ ನೀರಿನ್ಯಾಗ ಎರಡು ನಿಮಿಷ ಇಟ್ಟಮ್ಯಾಲೆ ಹಳದಿ, ಎರಡನೇದು ಇಲ್ಲ. ಎರಡನೇದರಾಗ ಐಯೋಡಿನ್ ಬಣ್ಣ ನಿಧಾನಕ್ಕ ಮಾಯ ಆತು ಖರೆ, ಆದ್ರ ಅದು ಪಾಸಿಟಿವ್ ಅಲ್ಲ, ಐಯೋಡಿನ್ ಪಕ್ಕದ ಕಾರ್ಬನ್‌ಗೆ ಹೋಗಿ ಕೂತಿರಬಹುದು, ಆದ್ರ ಅಲ್ಲಿ ಮೂರು ಹೈಡ್ರೋಜನ್ ಇಲ್ಲ, ಐಯೋಡೋಫಾರ್ಮ್ ಆಗಿ ಕಡಕೊಂಡು ಬರೂದಿಲ್ಲ. ಹಳದಿ ಹುಡಿನ ಬೇಕು.

ನನಗ ಇಷ್ಟಕ್ಕ ಸಮಾಧಾನ ಆಗಲಿಲ್ಲ. ಈ ಟೆಸ್ಟು CH3CO ಇದ್ರೂ ಪಾಸಿಟಿವ್, CH3CH(OH) ಇದ್ರೂ ಪಾಸಿಟಿವ್, ಐಯೋಡಿನ್ ಕ್ಷಾರದಾಗ ಅಂಥ ಆಲ್ಕೋಹಾಲನ್ನ ಕೀಟೋನ್ ಮಾಡಿಬಿಡ್ತೈತಿ. ಡಿಎನ್‌ಪಿ ಬಂದದ್ದಕ್ಕ ಕಾರ್ಬೊನಿಲ್ ಐತಿ ಅನ್ನೂದು ಗ್ಯಾರಂಟಿ, ಆದ್ರ ಸ್ವಲ್ಪ ಅಸಿಟೋನ್ ಸೇರಿದ್ರೂ ಹಳದಿ ಬರ್ತೈತಿ ಅಂತ ಈಗ ನೋಡೇನಲ್ಲ. ಅದಕ್ಕ ಅಣು ಒಡದಮ್ಯಾಲೆ ಉಳಿಯೂ ಇನ್ನೊಂದು ಅರ್ಧ, ಅಂದ್ರ ಬೆಂಜೋಯಿಕ್ ಆಸಿಡ್, ಅದನ್ನೂ ಹೊರಗ ತಗೀಬೇಕು ಅಂತ ಅನಿಸ್ತು. ಐಯೋಡಿನ್ ತುಟ್ಟಿ, ಬ್ಲೀಚ್‌ನ್ಯಾಗಿನ ಹೈಪೋಕ್ಲೋರೈಟ್ ಸಾಕು:

```
C6H5COCH3 + 3 NaOCl → C6H5COONa + CHCl3 + 2 NaOH
```

ಒಂದನೇ ಬಾಟ್ಲಿಯಿಂದ 1.2 ಗ್ರಾಂ ತಗೊಂಡೆ, ಅಂದ್ರ 10 ಮಿಲಿಮೋಲ್. ಮೂರು ಪಟ್ಟು ಹೈಪೋಕ್ಲೋರೈಟ್ ಬೇಕು, 30 ಮಿಲಿಮೋಲ್. ಬ್ಲೀಚ್ ಕ್ಯಾನ್ ಮ್ಯಾಲೆ 5% ಅಂತಿತ್ತು, ಅದು ಸುಮಾರು 0.67 ಮೋಲಾರ್, 60 ಎಂಎಲ್‌ನ್ಯಾಗ 40 ಮಿಲಿಮೋಲ್, ಬೇಕಾದಷ್ಟಾತು ಅಂತ ತಿಳಕೊಂಡೆ. 5 ಎಂಎಲ್ 10% ಕಾಸ್ಟಿಕ್ ಹಾಕಿ 50 ಡಿಗ್ರಿಗೆ ಒಂದು ತಾಸು ತಿರುಗಿಸಿದೆ. ಕಡೀಕ ನೋಡಿದ್ರ ಎಣ್ಣಿ ಇನ್ನೂ ತೇಲಾಕತ್ತಿತ್ತು, ಆಸಿಡ್ ಮಾಡಿ ಸೋಸಿದ್ರ ಬಿಳಿ ಹುಡಿ 0.5 ಗ್ರಾಂ. ಪೂರ್ತಿ ಬಂದಿದ್ರ 1.22 ಗ್ರಾಂ ಬರಬೇಕಿತ್ತು.

ಇಲ್ಲೇ ನಾ ನಿಂತು ಯೋಚನಿ ಮಾಡಿದ್ದು. ಎಣ್ಣಿನ್ನ ಬ್ಯಾರೆ ಮಾಡಿ ನೋಡಿದ್ರ ಡಿಎನ್‌ಪಿ ಪಾಸಿಟಿವ್, ಐಯೋಡೋಫಾರ್ಮ್ ಪಾಸಿಟಿವ್, ಅಂದ್ರ ಕೀಟೋನ್ ಮುಟ್ಟದ ಹಂಗ ಉಳದಿತ್ತು. ಒಂದು ಕ್ಲೋರಿನ್, ಎರಡು ಕ್ಲೋರಿನ್ ಹತ್ತಿ ಅರ್ಧಕ್ಕ ನಿಂತದ್ದು ಯಾಕ ಇಲ್ಲ? ಯಾಕಂದ್ರ ಇಲ್ಲಿ ಮೊದಲನೇ ಹೈಡ್ರೋಜನ್ ಕೀಳೂದ ಕಷ್ಟದ ಕೆಲಸ. ಒಂದು ಕ್ಲೋರಿನ್ ಕೂತಿತು ಅಂದ್ರ ಅದು ಎಲೆಕ್ಟ್ರಾನ್ ತನ್ನ ಕಡೆ ಎಳೀತೈತಿ, ಉಳಿದ ಹೈಡ್ರೋಜನ್ ಇನ್ನೂ ಸಡ್ಲ ಆಗ್ತಾವು, ಎರಡನೇದು ಮೊದಲನೇದಕ್ಕಿಂತ ಲಗೂ, ಮೂರನೇದು ಇನ್ನೂ ಲಗೂ. ಮೂರು ಕೂತಮ್ಯಾಲೆ ಹೈಡ್ರಾಕ್ಸೈಡ್ ಕಾರ್ಬೊನಿಲ್‌ಗೆ ಬಂದು ಬಡೀತೈತಿ, CCl3 ಗುಂಪು ಕಳಚಿ ಪ್ರೋಟಾನ್ ಹಿಡಕೊಂಡು ಕ್ಲೋರೊಫಾರ್ಮ್ ಆಗ್ತೈತಿ. ಹಂಗಾಗಿ ಒಮ್ಮೆ ಶುರು ಆದ ಅಣು ಕಡೀತನಕ ಓಡೇ ಓಡ್ತೈತಿ, ಹೈಪೋಕ್ಲೋರೈಟ್ ಕಡಿಮಿ ಬಿದ್ರ ಉಳಿದ ಅಣು ಹಂಗ ಕೂತಿರ್ತಾವು. ನನ್ನ ಫ್ಲಾಸ್ಕ್‌ನ್ಯಾಗ ಆದದ್ದು ಅದ.

ಅಂದ್ರ ಬ್ಲೀಚ್ ಮ್ಯಾಲೇನ ಸಂಶಯ. 10 ಎಂಎಲ್ ತಗೊಂಡು 100ಕ್ಕ ಡೈಲ್ಯೂಟ್ ಮಾಡಿ, ಅದರಾಗ 10 ಎಂಎಲ್‌ಗೆ ಕೆಐ, ಅಸಿಟಿಕ್ ಆಸಿಡ್ ಹಾಕಿ 0.1 ಮೋಲಾರ್ ಥಯೋಸಲ್ಫೇಟ್‌ನ್ಯಾಗ ಟೈಟ್ರೇಟ್ ಮಾಡಿದೆ, ಸ್ಟಾರ್ಚ್ ಇಂಡಿಕೇಟರ್. ಬರೇ 5.0 ಎಂಎಲ್. ಒಂದು ಹೈಪೋಕ್ಲೋರೈಟ್‌ಗೆ ಎರಡು ಥಯೋಸಲ್ಫೇಟ್, ಹಂಗಾಗಿ 0.25 ಮೋಲಾರ್. ನಾ ಹಾಕಿದ 60 ಎಂಎಲ್‌ನ್ಯಾಗ ಇದ್ದದ್ದು 15 ಮಿಲಿಮೋಲ್, ಬೇಕಾದ್ದರ ಅರ್ಧ, ಬಂದ ಆಸಿಡ್ಡೂ ಅರ್ಧಕ್ಕ ಹತ್ರ. ಲೆಕ್ಕ ಕೂಡಿದ್ದು ನೋಡಿ ಭಾಳ ಖುಷಿ ಆತು. ನಮ್ಮ ಕಡೆ ಬ್ಯಾಸಿಗಿ ಬಿಸಲಿಗೆ ಸ್ಟೋರ್ ರೂಮ್‌ನ್ಯಾಗಿದ್ದ ಬ್ಲೀಚ್ ಶಕ್ತಿ ಕಳಕೊಳ್ಳೂದು ಸಹಜ, ಕ್ಯಾನ್ ಮ್ಯಾಲಿನ ನಂಬರ್ ನಂಬಬ್ಯಾಡ್ರಿ.

ಹೊಸಾ ಕ್ಯಾನ್ ತಂದು ಟೈಟ್ರೇಟ್ ಮಾಡಿದ್ರ 0.64 ಬಂತು. ಅದ 60 ಎಂಎಲ್, ಅದ ಕೀಟೋನ್. ಅರ್ಧ ತಾಸಿನ್ಯಾಗ ತೇಲೂ ಎಣ್ಣಿ ಹೋಗಿ ತಳದಾಗ ಸಣ್ಣ ಭಾರದ ಹನಿ ಕೂತ್ವು, ಅದು ಕ್ಲೋರೊಫಾರ್ಮ್. ಆಸಿಡ್ ಹಾಕೂಕಿಂತ ಮೊದ್ಲು ಸೋಡಿಯಂ ಬೈಸಲ್ಫೈಟ್ ಹಾಕಿ ಉಳಿದ ಹೈಪೋಕ್ಲೋರೈಟ್ ಕೊಲ್ಲಬೇಕು, ಕೆಐ-ಸ್ಟಾರ್ಚ್ ಪೇಪರ್ ನೀಲಿ ಆಗದ ತನಕ, ಇಲ್ಲಾಂದ್ರ ಹೈಡ್ರೋಕ್ಲೋರಿಕ್ ಆಸಿಡ್ ಬಿದ್ದ ಕೂಡ್ಲೆ ಕ್ಲೋರಿನ್ ಗ್ಯಾಸ್ ಏಳ್ತೈತಿ. ಕ್ಲೋರೊಫಾರ್ಮನ್ನ ಸೆಪರೇಟಿಂಗ್ ಫನೆಲ್‌ನ್ಯಾಗ ತಗದು ಬ್ಯಾರೆ ಬಾಟ್ಲಿಗೆ ಹಾಕಿದೆ, ಅದರಾಗ ಅಸಿಟೋನ್, ಕ್ಷಾರ ಯಾವತ್ತೂ ಕೂಡಸಬಾರದು, ಜೋರಾಗಿ ಕಾದು ಸಿಡೀಬಹುದು. ನೀರಿನ ಪದರ pH 2ಕ್ಕ ತಂದ್ರ ಫ್ಲಾಸ್ಕ್ ತುಂಬ ಬಿಳಿ. ಒಣಗಿಸಿ ತೂಗಿದ್ರ 1.0 ಗ್ರಾಂ, ಮೆಲ್ಟಿಂಗ್ ಪಾಯಿಂಟ್ 121-122.

ಒಂದ್ ಮಾತು, ಐಯೋಡೋಫಾರ್ಮ್ ಕರಗೂದೂ 120ರ ಹತ್ರಾನ, ನಂಬರ್ ಒಂದ ನೋಡಿದ್ರ ಹುಡುಗ್ರು ಕನ್‌ಫ್ಯೂಸ್ ಆಗ್ತಾರ. ಅದಕ್ಕ ಗೊತ್ತಿದ್ದ ಬೆಂಜೋಯಿಕ್ ಆಸಿಡ್ ಜೊತೆ ಮಿಕ್ಸ್ ಮಾಡಿ ಮೆಲ್ಟಿಂಗ್ ಪಾಯಿಂಟ್ ಮತ್ತ ತಗೊಂಡೆ, ಇಳೀಲಿಲ್ಲ, ಅಂದ್ರ ಅದು ಬೆಂಜೋಯಿಕ್ ಆಸಿಡ್ಡ. ಎರಡನೇ ಬಾಟ್ಲಿದನ್ನೂ ಹಿಂಗ ಮಾಡಿದೆ, ಎಣ್ಣಿ ಎಣ್ಣಿಯಾಗೇ ಉಳೀತು, ಆಸಿಡ್ ಹಾಕಿದ್ರ ಬಿಳಿ ಬರಲಿಲ್ಲ. ಲೇಬಲ್ ಹಚ್ಚಿ, ತಾರೀಖು ಬರದು, ಮ್ಯಾಲೆ ಸೆಲ್ಲೋಟೇಪ್ ಸುತ್ತಿ ಇಟ್ಟೇನಿ.